ಹಿಂದಿಗಿಂತ ಕೆಳಗಿನ ಹುದ್ದೆಗೆ ಅರ್ಜಿ ಹಾಕುವಾಗ ಕವರ್ ಇಮೇಲ್‌ನಲ್ಲಿ ಕಾರಣ ಹೇಳುವುದು ಹೇಗೆ?

ಪುಣೆಯಲ್ಲೋ ಬೆಂಗಳೂರಿನಲ್ಲೋ ಹದಿನೈದಿಪ್ಪತ್ತು ವರ್ಷ ದುಡಿದು, ಮ್ಯಾನೇಜರ್ ದರ್ಜೆಗೆ ಏರಿ, ಈಗ ಬೆಳಗಾವಿಗೆ ಮರಳಬೇಕೆಂದಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. “ಎಂಜಿನಿಯರ್ ಹುದ್ದೆಗೇ ಬರುತ್ತೇನೆ, ಕಡಿಮೆ ಪಗಾರಕ್ಕೂ ಸಿದ್ಧನಿದ್ದೇನೆ, ಆದರೂ ಒಂದು ಫೋನ್ ಕೂಡ ಬರುವುದಿಲ್ಲ. ತಪ್ಪು ಎಲ್ಲಾಗುತ್ತಿದೆ?” ಉದ್ಯಮಬಾಗ ಮತ್ತು ಮಚ್ಛೆಯ ಕಾರ್ಖಾನೆಗಳಿಗೆ ಜನರನ್ನು ಆರಿಸಿಕೊಡುವುದು ನನ್ನ ಕೆಲಸವಾದ್ದರಿಂದ, ಇಂಥ ಅರ್ಜಿಗಳು ಪಕ್ಕಕ್ಕೆ ಸರಿಯುವ ಗಳಿಗೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಾಲೀಕರು ಮುದ್ರಿಸಿದ ಹಾಳೆಯ ಮೇಲೆ ಬೆರಳಾಡಿಸುತ್ತ ಬಂದು, ಹಿಂದಿನ ಹುದ್ದೆಯ ಹೆಸರಿನ ಮೇಲೆ ಬೆರಳು ನಿಲ್ಲಿಸಿ, “ಇವರು ಆರು ತಿಂಗಳದಾಗ ಬಿಟ್ಟ ಹೋಗ್ತಾರ, ಬ್ಯಾಡ ಬಿಡ್ರಿ” ಎನ್ನುತ್ತಾರೆ. ಅಲ್ಲಿಗೆ ಆ ಅರ್ಜಿ ಮುಗಿಯಿತು. ಅರ್ಜಿದಾರರ ಸಾಮರ್ಥ್ಯದ ಬಗ್ಗೆ ಯಾರೂ ಸಂಶಯಪಟ್ಟಿರುವುದಿಲ್ಲ. ಅವರು ಯಾಕೆ ಕೆಳಗಿನ ಹುದ್ದೆ ಕೇಳುತ್ತಿದ್ದಾರೆ ಎಂಬುದಕ್ಕೆ ಆ ಹಾಳೆಯಲ್ಲಿ ಉತ್ತರ ಇರುವುದಿಲ್ಲ, ಅಷ್ಟೇ.

ಹುದ್ದೆಗೆ ಬೇಕಾದುದಕ್ಕಿಂತ ಹೆಚ್ಚಿನ ಅನುಭವ ಅಥವಾ ದರ್ಜೆ ಇರುವವರನ್ನು ನೇಮಕಾತಿ ವಲಯದಲ್ಲಿ ಓವರ್‌ಕ್ವಾಲಿಫೈಡ್ ಎನ್ನುತ್ತಾರೆ. ಈ ಆಕ್ಷೇಪಕ್ಕೆ ಉತ್ತರಿಸಲು ಸರಿಯಾದ ಜಾಗ ಕವರ್ ಇಮೇಲ್, ಅಂದರೆ ರೆಸ್ಯೂಮೆಯನ್ನು ಲಗತ್ತಿಸಿ ಕಳಿಸುವ ಪತ್ರ. ರೆಸ್ಯೂಮೆ ನೀವು ಏನೇನು ಮಾಡಿದ್ದೀರಿ ಎಂದು ಹೇಳುತ್ತದೆ. ಯಾಕೆ ಬರುತ್ತಿದ್ದೀರಿ ಎಂದು ಹೇಳಲು ಅದರಲ್ಲಿ ಸ್ಥಳವಿಲ್ಲ. ಸಂದರ್ಶನದಲ್ಲಿ ಹೇಳುತ್ತೇನೆ ಎಂದುಕೊಂಡರೆ, ಕರೆ ಬರುವುದೇ ಈ ಪತ್ರದ ಮೇಲೆ.

ವಿವರಿಸಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಕೊನೆಯವರೆಗೂ ಅದನ್ನೇ ಹಿಡಿದು ಹೋಗೋಣ. ಅರ್ಜಿದಾರರಿಗೆ 41 ವರ್ಷ. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಪುಣೆ ಬಳಿಯ ಚಾಕಣದಲ್ಲಿ 17 ವರ್ಷ ಕ್ವಾಲಿಟಿ ವಿಭಾಗದಲ್ಲಿ ದುಡಿದಿದ್ದಾರೆ. ಕೊನೆಯ ನಾಲ್ಕು ವರ್ಷ ಅಸಿಸ್ಟೆಂಟ್ ಮ್ಯಾನೇಜರ್. ಕೈಕೆಳಗೆ 12 ಜನ. ವರ್ಷಕ್ಕೆ 13 ಲಕ್ಷ ರೂಪಾಯಿ ವೇತನ. ಈಗ ಅವರು ಅರ್ಜಿ ಹಾಕುತ್ತಿರುವುದು ಉದ್ಯಮಬಾಗದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯ ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ. ಅಲ್ಲಿ ಹೈಡ್ರಾಲಿಕ್ ವಾಲ್ವ್‌ಗಳ ಎರಕದ ಬಾಡಿಗಳನ್ನು ತರಿಸಿ ಮಷಿನಿಂಗ್ ಮಾಡುತ್ತಾರೆ. ಪ್ರಕಟಣೆಯಲ್ಲಿ ಕೇಳಿರುವುದು ನಾಲ್ಕರಿಂದ ಎಂಟು ವರ್ಷದ ಅನುಭವ.

ಕೂರುವ ಮೊದಲು ಕೈಯಲ್ಲಿ ಇರಬೇಕಾದುವು

ಹುದ್ದೆಯ ಪ್ರಕಟಣೆಯ ಪೂರ್ಣ ಪಠ್ಯ, ನಿಮ್ಮ ಈಗಿನ ನೇಮಕಾತಿ ಪತ್ರ (ನೋಟಿಸ್ ಅವಧಿ ಎಷ್ಟು ದಿನವೆಂದು ಅದರಲ್ಲಿರುತ್ತದೆ), ಮನೆಯ ತಿಂಗಳ ಖರ್ಚಿನ ಪ್ರಾಮಾಣಿಕ ಲೆಕ್ಕ, ಮತ್ತು ಒಂದು ಖಾಲಿ ಹಾಳೆ. ಇಮೇಲ್ ಕೊನೆಗೆ ಇಂಗ್ಲಿಷಿನಲ್ಲಿ ಹೋಗುವುದಾದರೂ ಮೊದಲ ಕರಡನ್ನು ಕನ್ನಡದಲ್ಲೇ ಬರೆದುಕೊಳ್ಳಿ ಎಂಬುದು ನನ್ನ ಒತ್ತಾಯದ ಸಲಹೆ. ಇಂಗ್ಲಿಷಿನಲ್ಲಿ ಶುರುಮಾಡಿದವರ ಕೈಗೆ ಅಂತರ್ಜಾಲದಲ್ಲಿ ಸಿಗುವ ಸಿದ್ಧ ವಾಕ್ಯಗಳೇ ಬರುತ್ತವೆ, ಮತ್ತು ಆ ವಾಕ್ಯಗಳಲ್ಲಿ ನಿಮ್ಮ ಕಾರಣ ಇರುವುದಿಲ್ಲ.

1. ಓದುವವರ ಸಂಶಯ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ

ಸಂಶಯಗಳು ಸಾಮಾನ್ಯವಾಗಿ ನಾಲ್ಕು. ಒಳ್ಳೆಯ ಅವಕಾಶ ಸಿಕ್ಕ ಕೂಡಲೇ ಇವರು ಬಿಟ್ಟು ಹೋಗುತ್ತಾರೆಯೇ? ಈ ವೇತನಕ್ಕೆ ಈಗ ಒಪ್ಪಿ, ವರ್ಷ ತುಂಬುವಷ್ಟರಲ್ಲಿ ಬೇಸರಪಡುತ್ತಾರೆಯೇ? ತಮಗಿಂತ ಕಡಿಮೆ ವಯಸ್ಸಿನವರ ಮಾತು ಕೇಳುತ್ತಾರೆಯೇ? ಇಷ್ಟು ವರ್ಷ ಕುರ್ಚಿಯಲ್ಲಿ ಕುಳಿತವರ ಕೈಗೆ ಇನ್ನೂ ಕೆಲಸ ಬರುತ್ತದೆಯೇ?

ನಾಲ್ಕಕ್ಕೂ ಒಂದೇ ತೂಕವಿಲ್ಲ. ಮಾಲೀಕರೇ ಅರ್ಜಿ ನೋಡುವ ಕಾರ್ಖಾನೆಯಲ್ಲಿ ಮೊದಲನೆಯದೇ ದೊಡ್ಡದು, ಏಕೆಂದರೆ ಹೊಸಬರಿಗೆ ತಮ್ಮ ಗ್ರಾಹಕರ ನಕ್ಷೆ, ಅಳತೆಯ ಪದ್ಧತಿ, ಲೈನ್‌ನ ಸ್ವಭಾವ ತಿಳಿಯಲು ತಿಂಗಳುಗಳೇ ಬೇಕಾಗುತ್ತವೆ. ಅಷ್ಟರಲ್ಲಿ ಅವರು ಹೊರಟರೆ ಕಲಿಸಿದ್ದೆಲ್ಲ ವ್ಯರ್ಥ. ನಿಮ್ಮ ಮುಂದಿನ ಮೇಲಧಿಕಾರಿಯೇ ಓದುವುದಾದರೆ ಮೂರನೆಯದು ದೊಡ್ಡದಾಗುತ್ತದೆ. ಅವರು ಬಾಯಿಬಿಟ್ಟು ಹೇಳಲಿಕ್ಕಿಲ್ಲ, ಆದರೆ ತಮ್ಮ ಕುರ್ಚಿಗೆ ಹೊಂದುವ ವ್ಯಕ್ತಿಯನ್ನು ತಮ್ಮ ಕೈಕೆಳಗೇ ತೆಗೆದುಕೊಳ್ಳುವಾಗ ಯಾರಿಗಾದರೂ ಅಳುಕು ಸಹಜ. ಎಚ್‌ಆರ್ ವಿಭಾಗ ಓದುವ ದೊಡ್ಡ ಸಂಸ್ಥೆಯಲ್ಲಿ ಎರಡನೆಯದು, ವೇತನದ ಪ್ರಶ್ನೆ, ಮೊದಲು ಏಳುತ್ತದೆ.

ನಮ್ಮ ಉದಾಹರಣೆಯಲ್ಲಿ ಪ್ರಕಟಣೆಯ ಕೆಳಗೆ ಕಾರ್ಖಾನೆಯ ಸಾಮಾನ್ಯ ಇಮೇಲ್ ವಿಳಾಸವಿದೆ, “ಕ್ವಾಲಿಟಿ ಮ್ಯಾನೇಜರ್‌ಗೆ ವರದಿ ಮಾಡಿಕೊಳ್ಳಬೇಕು” ಎಂಬ ಸಾಲಿದೆ. ಅಂದರೆ ಮಾಲೀಕರು ಮತ್ತು ಮ್ಯಾನೇಜರ್ ಇಬ್ಬರೂ ಓದುತ್ತಾರೆಂದು ಇಟ್ಟುಕೊಳ್ಳಬೇಕು.

2. ಕಾರಣವನ್ನು ಎರಡು ಭಾಗ ಮಾಡಿ: ಊರು ಯಾಕೆ, ಕೆಲಸ ಯಾಕೆ

ಇಡೀ ಪತ್ರ ನಿಲ್ಲುವುದೂ ಬೀಳುವುದೂ ಈ ಹಂತದಲ್ಲಿ. ಊರಿಗೆ ಮರಳುವ ಕಾರಣವನ್ನು ಎಲ್ಲರೂ ಬರೆಯುತ್ತಾರೆ. ತಾಯಿಗೆ ವಯಸ್ಸಾಗಿದೆ, ತಂದೆಗೆ ಆರೋಗ್ಯ ಸರಿಯಿಲ್ಲ, ಹೊಲ ನೋಡಿಕೊಳ್ಳಬೇಕು. ಇವೆಲ್ಲ ನಿಜವೇ ಆಗಿರುತ್ತವೆ. ಆದರೆ ಓದುವವರು ಅದರಿಂದ ಬೇರೆಯೇ ಅರ್ಥ ತೆಗೆಯುತ್ತಾರೆ. ತಂದೆಯ ಆರೋಗ್ಯವೊಂದೇ ಕಾರಣವೆಂದರೆ, ಇವರು ಪದೇ ಪದೇ ರಜೆ ಕೇಳುತ್ತಾರೆ, ಆ ಜವಾಬ್ದಾರಿ ಮುಗಿದ ಮೇಲೆ ಮತ್ತೆ ಪುಣೆಗೆ ಹೋಗುತ್ತಾರೆ ಎಂದು. ಊರೊಂದೇ ಕಾರಣವೆಂದರೆ, ಬೆಳಗಾವಿಯಲ್ಲಿ ಯಾವ ಕೆಲಸ ಸಿಕ್ಕರೂ ಇವರಿಗೆ ಸರಿ, ನಮ್ಮದಕ್ಕಿಂತ ನಾಲ್ಕು ಕಾಸು ಹೆಚ್ಚು ಕೊಡುವವರು ಪಕ್ಕದ ರಸ್ತೆಯಲ್ಲಿ ಸಿಕ್ಕರೆ ಅಲ್ಲಿಗೆ ಹೋಗುತ್ತಾರೆ ಎಂದು.

ಆದ್ದರಿಂದ ಹಾಳೆಯಲ್ಲಿ ನಡುವೆ ಗೆರೆ ಎಳೆದು, ಎಡಗಡೆ “ಈ ಊರು ಯಾಕೆ”, ಬಲಗಡೆ “ಈ ಕೆಲಸ ಯಾಕೆ” ಎಂದು ಬರೆಯಿರಿ. ಬಲಗಡೆ ಬರೆಯಲು ಏನೂ ತೋಚದಿದ್ದರೆ ಪತ್ರವನ್ನು ಅಲ್ಲಿಗೇ ನಿಲ್ಲಿಸಿ, ಈ ಹುದ್ದೆ ನಿಮಗೆ ನಿಜವಾಗಿ ಬೇಕೇ ಎಂದು ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು. ನಮ್ಮ ಅರ್ಜಿದಾರರ ಬಲಗಡೆ ಹೀಗಿದೆ: “ನಾಲ್ಕು ವರ್ಷದಿಂದ ದಿನದ ಬಹುಪಾಲು ಸಭೆ, ವರದಿ, ಹಾಜರಿ, ರಜೆ ಮಂಜೂರಾತಿಗೆ ಹೋಗುತ್ತಿದೆ. ದೋಷವಿರುವ ಭಾಗವನ್ನು ಕೈಯಲ್ಲಿ ಹಿಡಿದು, ಅದು ಎಲ್ಲಿ ಕೆಟ್ಟಿತೆಂದು ಹುಡುಕುವುದು ನನಗೆ ಬರುವ ಕೆಲಸ. ಅದೇ ನನಗೆ ಬೇಕು.” ಇದನ್ನು ಓದಿದ ಯಾವ ಮಾಲೀಕರೂ ನಂಬುತ್ತಾರೆ, ಏಕೆಂದರೆ ಅವರ ಕಾರ್ಖಾನೆಯಲ್ಲೂ ಅಂಥ ಮ್ಯಾನೇಜರ್‌ಗಳನ್ನು ಅವರು ಕಂಡಿರುತ್ತಾರೆ.

ಎಡಗಡೆಯ ಕಾರಣಕ್ಕೆ ಬೇರೆ ನಿಯಮವಿದೆ. ಮುಂದೆ ಮಾಡಲಿರುವುದನ್ನು ಬರೆಯಬೇಡಿ, ಈಗಾಗಲೇ ಆಗಿಹೋಗಿರುವುದನ್ನು ಬರೆಯಿರಿ. “ಬೆಳಗಾವಿಯಲ್ಲಿ ಖಾಯಂ ಆಗಿ ನೆಲೆಸುವ ಆಸೆಯಿದೆ” ಎಂಬ ವಾಕ್ಯಕ್ಕೆ ತೂಕವಿಲ್ಲ. “ಕುಟುಂಬ ಕಳೆದ ಜೂನ್‌ನಲ್ಲಿ ಬೆಳಗಾವಿಗೆ ಬಂದಿದೆ, ಮಗಳು ಇಲ್ಲಿ ಎಂಟನೇ ತರಗತಿಯಲ್ಲಿದ್ದಾಳೆ, ಸ್ವಂತ ಮನೆಯಿದೆ” ಎಂಬ ವಾಕ್ಯವನ್ನು ಓದುವವರು ತಾವೇ ಲೆಕ್ಕ ಹಾಕುತ್ತಾರೆ: ಎಂಟನೇ ತರಗತಿಯ ಮಗು ಎಸ್‌ಎಸ್‌ಎಲ್‌ಸಿ ಮುಗಿಸುವವರೆಗೆ ಈ ಮನುಷ್ಯ ಎಲ್ಲಿಗೂ ಹೋಗಲಾರರು. ಆ ತೀರ್ಮಾನವನ್ನು ನೀವು ಹೇಳಿಕೊಟ್ಟದ್ದಕ್ಕಿಂತ ಅವರೇ ಮಾಡಿಕೊಂಡಾಗ ಅದು ಗಟ್ಟಿಯಾಗಿ ನಿಲ್ಲುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು. ಕಾಯಿಲೆಯ ವಿವರ, ಮನೆಯ ಕಷ್ಟ, ಅಣ್ಣತಮ್ಮಂದಿರ ಪಾಲಿನ ವಿಷಯ ಪತ್ರದಲ್ಲಿ ಬರಕೂಡದು. ತಂದೆತಾಯಿ ಜೊತೆಗಿದ್ದಾರೆ ಎಂಬಷ್ಟು ಸಾಕು. ಹಾಗೆಯೇ ಹಿಂದಿನ ಕಂಪನಿಯನ್ನು ದೂರಬೇಡಿ. ಮ್ಯಾನೇಜರ್ ಕೆಲಸದಲ್ಲಿ ಕಿರುಕುಳವಿತ್ತು, ಒತ್ತಡ ತಡೆಯಲಾಗಲಿಲ್ಲ ಎಂದು ಬರೆದರೆ, ನೀವು ಈ ಕೆಲಸಕ್ಕೆ ಬರುತ್ತಿಲ್ಲ, ಆ ಕೆಲಸದಿಂದ ಓಡಿಬರುತ್ತಿದ್ದೀರಿ ಎಂದೇ ಅರ್ಥವಾಗುತ್ತದೆ. ಕಂಪನಿ ಮುಚ್ಚಿ ಅಥವಾ ಜನರನ್ನು ಕಡಿಮೆ ಮಾಡಿದ್ದರಿಂದ ಕೆಲಸ ಹೋಗಿದ್ದರೆ ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ತಿಂಗಳು ಮತ್ತು ವರ್ಷದೊಂದಿಗೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿ.

3. ಕೈಯಾರೆ ಮಾಡಿದ ಇತ್ತೀಚಿನ ಒಂದು ಕೆಲಸವನ್ನು ಆರಿಸಿ

ಮೇಲಿನ ದರ್ಜೆಯವರು ಪತ್ರದಲ್ಲಿ ಹೆಮ್ಮೆಯಿಂದ ಬರೆಯುವ ವಾಕ್ಯ “12 ಜನರ ತಂಡವನ್ನು ಮುನ್ನಡೆಸಿದೆ” ಎಂಬುದು. ಮ್ಯಾನೇಜರ್ ಹುದ್ದೆಗೆ ಅದು ಅರ್ಹತೆ, ಎಂಜಿನಿಯರ್ ಹುದ್ದೆಗೆ ಅದೇ ಅಡ್ಡಿ. ಓದುವವರಿಗೆ ಬೇಕಾದುದು ನೀವೇ ಗೇಜ್ ಹಿಡಿದು ಅಳೆದ, ನೀವೇ ಲೈನ್‌ನಲ್ಲಿ ನಿಂತ ಒಂದು ಸಂಗತಿ. ಅದು ಕಳೆದ ಒಂದು ವರ್ಷದೊಳಗಿನದಾಗಿರಬೇಕು, ಮತ್ತು ಪ್ರಕಟಣೆಯಲ್ಲಿ ಕೇಳಿರುವ ಕೆಲಸಗಳಲ್ಲಿ ಒಂದಕ್ಕೆ ನೇರವಾಗಿ ಹೊಂದಬೇಕು.

ಸಮಸ್ಯೆ, ನೀವು ಮಾಡಿದ್ದು, ಸಿಕ್ಕ ಕಾರಣ, ಆದ ಬದಲಾವಣೆ ಎಂಬ ಕ್ರಮದಲ್ಲಿ ಎರಡು ವಾಕ್ಯಗಳಿಗೆ ಮೀರದಂತೆ ಬರೆಯಿರಿ. ನಮ್ಮ ಅರ್ಜಿದಾರರದು ವಾಲ್ವ್ ಬಾಡಿಯಿಂದ ಎಣ್ಣೆ ಸೋರುತ್ತಿದ್ದ ದೂರು. ಅವರು ಸೋರಿದ ಬಾಡಿಗಳನ್ನು ಕತ್ತರಿಸಿ ನೋಡಿ, ಎರಕದೊಳಗೆ ಬ್ಲೋ ಹೋಲ್, ಅಂದರೆ ಕರಗಿದ ಲೋಹದಲ್ಲಿ ಸಿಕ್ಕಿಕೊಂಡ ಗಾಳಿಯಿಂದಾದ ಪೊಳ್ಳು, ಇರುವುದನ್ನು ಕಂಡು, ಫೌಂಡ್ರಿಯವರ ಜೊತೆ ಕೂತು ಕೋರ್‌ನಿಂದ ಗಾಳಿ ಹೊರಹೋಗುವ ದಾರಿಯನ್ನು ಸರಿಪಡಿಸಿದ್ದರು. ಬೆಳಗಾವಿಯ ಎರಕ ಮತ್ತು ಹೈಡ್ರಾಲಿಕ್ ಉದ್ಯಮದಲ್ಲಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓದಿದ ಕೂಡಲೇ “ಇವರಿಗೆ ಕೆಲಸ ಗೊತ್ತು” ಎನಿಸುತ್ತದೆ.

ಬಾಗಲಕೋಟೆ, ವಿಜಯಪುರ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಅರ್ಜಿ ಹಾಕುವವರಿಗೂ ಇದೇ ಸೂತ್ರ. ಚೀಫ್ ಕೆಮಿಸ್ಟ್ ಆಗಿದ್ದವರು ಲ್ಯಾಬ್ ಕೆಮಿಸ್ಟ್ ಹುದ್ದೆ ಕೇಳುವಾಗ, ವಿಭಾಗ ನಡೆಸಿದ್ದನ್ನು ಹೇಳುವ ಬದಲು ಕಳೆದ ನುರಿಸುವ ಹಂಗಾಮಿನಲ್ಲಿ ತಾವೇ ರಸದ ಮಾದರಿ ತೆಗೆದು ಪರೀಕ್ಷಿಸಿದ ದಿನಗಳ ಬಗ್ಗೆ ಹೇಳಬೇಕು. ತಾವು ರಾತ್ರಿ ಪಾಳಿಗೂ ಬರುವುದಾಗಿ ಅವರು ಸೇರಿಸಲೇಬೇಕು, ಏಕೆಂದರೆ ಹಂಗಾಮಿನಲ್ಲಿ ಕಾರ್ಖಾನೆ ಹಗಲುರಾತ್ರಿ ನಡೆಯುತ್ತದೆ, ಹಿರಿಯ ಹುದ್ದೆಯಲ್ಲಿದ್ದವರು ಪಾಳಿಗೆ ಒಗ್ಗುತ್ತಾರೆಯೇ ಎಂಬ ಸಂಶಯ ಅಲ್ಲಿ ಮುಂದೆ ನಿಂತಿರುತ್ತದೆ.

ಇತ್ತೀಚಿನ ಅಂಥ ಕೆಲಸ ಒಂದೂ ಇಲ್ಲದಿದ್ದರೆ ಕಟ್ಟಿ ಹೇಳಬೇಡಿ. ಸಂದರ್ಶನದಲ್ಲಿ ಕೈಗೆ ಒಂದು ಬೋರ್ ಗೇಜ್ ಕೊಟ್ಟು “ಇದನ್ನ ಸೆಟ್ ಮಾಡಿ ತೋರಿಸ್ರಿ” ಎಂದರೆ ಅಲ್ಲೇ ತಿಳಿಯುತ್ತದೆ. ಅರ್ಜಿ ಕಳಿಸುವ ಮೊದಲು ಈಗಿರುವ ಕಾರ್ಖಾನೆಯಲ್ಲೇ ಒಂದೆರಡು ತಿಂಗಳು ಲೈನ್‌ಗೆ ಇಳಿದು ಕೆಲಸ ಮಾಡಿ. ಅಭ್ಯಾಸವೂ ಮರಳುತ್ತದೆ, ಹೇಳಲು ಸಂಗತಿಯೂ ಸಿಗುತ್ತದೆ.

4. ವೇತನದ ವಾಕ್ಯವನ್ನು ಲೆಕ್ಕ ಹಾಕಿ ಬರೆಯಿರಿ

“ಎಷ್ಟು ಕೊಟ್ಟರೂ ಸರಿ” ಎಂದು ಬರೆಯುವವರು ವಿನಯದಿಂದಲೇ ಬರೆಯುತ್ತಾರೆ. ಓದುವವರಿಗೆ ಅದು ಯೋಚಿಸದೆ ಆಡಿದ ಮಾತಾಗಿ ಕೇಳುತ್ತದೆ: ಇವರು ಇನ್ನೂ ಮನೆಯಲ್ಲಿ ಲೆಕ್ಕ ಹಾಕಿಲ್ಲ, ಹಾಕಿದ ದಿನ ಬಿಟ್ಟು ಹೋಗುತ್ತಾರೆ. ಆದ್ದರಿಂದ ಮೊದಲು ನಿಜವಾಗಿಯೂ ಲೆಕ್ಕ ಹಾಕಿ.

ಕಂಪನಿಗಳು ಹೇಳುವ ಸಿಟಿಸಿ ಎಂದರೆ ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಕೈಗೆ ಬರುವ ಪಗಾರ ಅದಕ್ಕಿಂತ ಕಡಿಮೆ. ವರ್ಷಕ್ಕೆ 6 ಲಕ್ಷ ಸಿಟಿಸಿ ಎಂದರೆ ತಿಂಗಳಿಗೆ 50 ಸಾವಿರ. ಮೂಲ ವೇತನ 25 ಸಾವಿರವಿದ್ದು ಅದರ ಮೇಲೆ ಪೂರ್ಣ ಪಿಎಫ್ ಕಟ್ಟುತ್ತಾರೆಂದು ಇಟ್ಟುಕೊಳ್ಳೋಣ. ಕಂಪನಿಯ ಪಾಲಿನ ಪಿಎಫ್ ಶೇಕಡಾ 12ರಂತೆ 3,000, ಗ್ರಾಚ್ಯುಟಿಗೆಂದು ತೆಗೆದಿಡುವ ಸುಮಾರು 1,200, ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು ಸುಮಾರು 42,600. ನಮ್ಮ ಅರ್ಜಿದಾರರಿಗೆ ಪುಣೆಯಲ್ಲಿ ಮನೆ ಬಾಡಿಗೆಯೇ 22 ಸಾವಿರವಿತ್ತು. ಬೆಳಗಾವಿಯಲ್ಲಿ ಸ್ವಂತ ಮನೆಯಲ್ಲಿ ಸಂಸಾರದ ಖರ್ಚು, ಶಾಲೆ, ಔಷಧಿ, ವಿಮೆ, ಪೆಟ್ರೋಲ್ ಎಲ್ಲ ಸೇರಿ 36 ಸಾವಿರ ಎಂದು ಅವರ ಲೆಕ್ಕ ಬಂತು. ಹಾಗಾದರೆ 6 ಲಕ್ಷದ ಮೊತ್ತವನ್ನು ಅವರು ನಿಜವಾಗಿ ಒಪ್ಪಬಲ್ಲರು, ಮತ್ತು ಹಾಗೆಂದು ಬರೆಯಬಲ್ಲರು.

ಈ ಲೆಕ್ಕವನ್ನು ಪತ್ರದಲ್ಲಿ ಬಿಡಿಸಿಡಬಾರದು. ಪ್ರಕಟಣೆಯಲ್ಲಿ ವೇತನದ ಮಿತಿ ಇದ್ದರೆ “ಆ ಮಿತಿಯೊಳಗೆ ಮನೆಯ ಲೆಕ್ಕ ಹಾಕಿಯೇ ಅರ್ಜಿ ಹಾಕುತ್ತಿದ್ದೇನೆ” ಎಂಬ ಒಂದು ವಾಕ್ಯ ಸಾಕು. ಮಿತಿ ಹೇಳಿರದಿದ್ದರೆ ನಿಮ್ಮ ಅಂದಾಜು ಮೊತ್ತವನ್ನು ಅಂಕಿಯಲ್ಲಿ ಕೊಡಿ. ಈಗಿನ ವೇತನವನ್ನು ಕೇಳಿದ ಹೊರತು ಪತ್ರದಲ್ಲಿ ಹೇಳುವುದು ಬೇಡ ಎಂಬುದು ನನ್ನ ಅಭಿಪ್ರಾಯ: 13 ಲಕ್ಷ ಎಂಬ ಅಂಕಿ ಒಮ್ಮೆ ಕಣ್ಣಿಗೆ ಬಿದ್ದರೆ ಪತ್ರದ ಉಳಿದ ಮಾತೆಲ್ಲ ಅದರ ನೆರಳಿಗೆ ಸರಿಯುತ್ತದೆ. ಕೇಳಿದರೆ ಮಾತ್ರ ನಿಜವನ್ನೇ ಹೇಳಬೇಕು.

5. ಕಿರಿಯರ ಕೈಕೆಳಗೆ ದುಡಿಯುವ ಮಾತು

ಇದನ್ನು ಹೇಳದೆ ಬಿಡುವಂತಿಲ್ಲ, ಹೆಚ್ಚು ಹೇಳುವಂತೆಯೂ ಇಲ್ಲ. “ನನಗೆ ಅಹಂಕಾರವಿಲ್ಲ, ಕಿರಿಯರಿಂದಲೂ ಕಲಿಯುತ್ತೇನೆ” ಎಂದು ಬರೆದರೆ, ಓದುತ್ತಿರುವ ಮ್ಯಾನೇಜರ್‌ಗೆ ತಮ್ಮನ್ನು ಕಿರಿಯರೆಂದು ಕರೆದಂತಾಗುತ್ತದೆ. ಅದರ ಬದಲು ಯಾವ ನಿರ್ಧಾರ ಯಾರದೆಂದು ನಿಮಗೆ ಗೊತ್ತಿದೆ ಎಂಬುದನ್ನು ಕೆಲಸದ ಮಾತಿನಲ್ಲೇ ತೋರಿಸಿ. “ತಪಾಸಣೆಯ ಅಂಕಿಗಳನ್ನೂ ನನ್ನ ಅಭಿಪ್ರಾಯವನ್ನೂ ಕ್ವಾಲಿಟಿ ಮ್ಯಾನೇಜರ್ ಅವರ ಮುಂದಿಡುವುದು ನನ್ನ ಕೆಲಸ, ಮಾಲು ಕಳಿಸುವ ಅಥವಾ ತಡೆಯುವ ತೀರ್ಮಾನ ಅವರದು” ಎಂಬ ವಾಕ್ಯದಲ್ಲಿ ವಯಸ್ಸಿನ ಸುಳಿವೇ ಇಲ್ಲ, ಆದರೆ ಸಂಶಯಕ್ಕೆ ಉತ್ತರವಿದೆ.

6. ಈಗ ಪತ್ರವನ್ನು ಬರೆಯಿರಿ

ಫೋನಿನ ಪರದೆಯಲ್ಲಿ ಒಂದೆರಡು ಬಾರಿ ಸರಿಸಿದರೆ ಮುಗಿಯುವಷ್ಟು ಉದ್ದ ಸಾಕು. ಮೊದಲು ಕೆಲಸದ ಹೊಂದಿಕೆ, ಆಮೇಲೆ ದರ್ಜೆಯ ಅಂತರವನ್ನು ನೀವೇ ಹೆಸರಿಸುವುದು, ಅದರ ಹಿಂದೆಯೇ ಕಾರಣ, ಕೊನೆಗೆ ವೇತನ ಮತ್ತು ದಿನಾಂಕ. ಅಂತರವನ್ನು ಮೊದಲ ವಾಕ್ಯದಲ್ಲೇ ತಂದರೆ ಕ್ಷಮೆ ಕೇಳಿದಂತಿರುತ್ತದೆ. ತರದೇ ಬಿಟ್ಟರೆ ರೆಸ್ಯೂಮೆ ತೆರೆದಾಗ ಅವರಿಗೇ ಕಾಣುತ್ತದೆ, ಮುಚ್ಚಿಟ್ಟಂತೆ ಆಗುತ್ತದೆ.

ಮೊದಲು ನಮ್ಮ ಅರ್ಜಿದಾರರ ಹಳೆಯ ಕರಡನ್ನು ನೋಡಿ:

“ಮಾನ್ಯರೇ, ನಾನು 17 ವರ್ಷಗಳ ಅಪಾರ ಅನುಭವವುಳ್ಳ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದು, 12 ಜನರ ತಂಡವನ್ನು ಮುನ್ನಡೆಸುತ್ತಿದ್ದೇನೆ. ಕೌಟುಂಬಿಕ ಸಮಸ್ಯೆಗಳ ಕಾರಣ ಅನಿವಾರ್ಯವಾಗಿ ಬೆಳಗಾವಿಗೆ ಬರಬೇಕಾಗಿದೆ. ಯಾವುದೇ ಹುದ್ದೆ, ಯಾವುದೇ ವೇತನಕ್ಕೂ ಸಿದ್ಧನಿದ್ದೇನೆ. ದಯವಿಟ್ಟು ಒಂದು ಅವಕಾಶ ಕೊಡಿ.”

ಇದರಲ್ಲಿ ಒಂದೂ ಸುಳ್ಳಿಲ್ಲ, ಆದರೆ ನಾಲ್ಕೂ ಸಂಶಯಗಳು ಗಟ್ಟಿಯಾಗುತ್ತವೆ. “ಅನಿವಾರ್ಯವಾಗಿ” ಎಂಬ ಒಂದು ಪದ ಸಾಕು: ಅನಿವಾರ್ಯತೆ ತೀರಿದ ದಿನ ಇವರು ಇರುವುದಿಲ್ಲ. ತಿದ್ದಿ ಬರೆದ ಪತ್ರ ಹೀಗಿದೆ:

> ವಿಷಯ: ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ಅರ್ಜಿ – ವಾಲ್ವ್ ಬಾಡಿ ತಪಾಸಣೆಯ ಅನುಭವ, ಬೆಳಗಾವಿಯಲ್ಲಿ ಸ್ವಂತ ಮನೆ
>
> ಮಾನ್ಯರೇ,
>
> ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ನೀವು ಕೇಳಿರುವ ಎರಕದ ತಪಾಸಣೆ, ಲೈನ್‌ನಲ್ಲಿ ಅಳತೆ ಮತ್ತು ಗ್ರಾಹಕರ ದೂರಿನ ಪರಿಹಾರ, ಈ ಮೂರೂ ನಾನು ಮಾಡುತ್ತ ಬಂದಿರುವ ಕೆಲಸಗಳು. ಕಳೆದ ಮಾರ್ಚ್‌ನಲ್ಲಿ ವಾಲ್ವ್ ಬಾಡಿಯಿಂದ ಎಣ್ಣೆ ಸೋರುವ ದೂರು ಬಂದಾಗ, ನಾನೇ ಬಾಡಿಗಳನ್ನು ಕತ್ತರಿಸಿ ಪರೀಕ್ಷಿಸಿ, ಒಳಗಿನ ಬ್ಲೋ ಹೋಲ್ ಕಾರಣವೆಂದು ಕಂಡುಕೊಂಡೆ. ಫೌಂಡ್ರಿಯಲ್ಲಿ ಕೋರ್‌ನ ಗಾಳಿದಾರಿ ಸರಿಪಡಿಸಿದ ಮೇಲೆ ಆ ದೂರು ಮತ್ತೆ ಬರಲಿಲ್ಲ.
>
> ನಾನೀಗ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದೇನೆ, ನಿಮ್ಮ ಹುದ್ದೆ ಅದಕ್ಕಿಂತ ಕೆಳಗಿನ ದರ್ಜೆಯದೆಂದು ತಿಳಿದೇ ಅರ್ಜಿ ಹಾಕುತ್ತಿದ್ದೇನೆ. ನಾಲ್ಕು ವರ್ಷದಿಂದ ನನ್ನ ಸಮಯದ ಬಹುಪಾಲು ಸಭೆ ಮತ್ತು ವರದಿಗಳಿಗೆ ಹೋಗುತ್ತಿದೆ; ದೋಷದ ಮೂಲ ಹುಡುಕುವ ಕೆಲಸಕ್ಕೆ ಮರಳಬೇಕೆಂದು ತೀರ್ಮಾನಿಸಿದ್ದೇನೆ. ನನ್ನ ಕುಟುಂಬ ಕಳೆದ ಜೂನ್‌ನಲ್ಲಿ ಬೆಳಗಾವಿಗೆ ಬಂದು ಸ್ವಂತ ಮನೆಯಲ್ಲಿದೆ, ಮಗಳು ಇಲ್ಲಿ ಎಂಟನೇ ತರಗತಿಯಲ್ಲಿ ಓದುತ್ತಿದ್ದಾಳೆ.
>
> ತಪಾಸಣೆಯ ಅಂಕಿಗಳನ್ನೂ ನನ್ನ ಅಭಿಪ್ರಾಯವನ್ನೂ ಕ್ವಾಲಿಟಿ ಮ್ಯಾನೇಜರ್ ಅವರ ಮುಂದಿಡುವುದು ನನ್ನ ಕೆಲಸ, ತೀರ್ಮಾನ ಅವರದು ಎಂಬ ತಿಳಿವಳಿಕೆಯಿಂದ ಬರುತ್ತಿದ್ದೇನೆ. ವರ್ಷಕ್ಕೆ 6 ಲಕ್ಷದಿಂದ 6.5 ಲಕ್ಷ ಸಿಟಿಸಿ ನನಗೆ ಸರಿಹೊಂದುತ್ತದೆ. ಮನೆಯ ಲೆಕ್ಕ ಹಾಕಿಯೇ ಈ ಮಾತು ಹೇಳುತ್ತಿದ್ದೇನೆ. ನೋಟಿಸ್ ಅವಧಿ 60 ದಿನ. ಶನಿವಾರ ಅಥವಾ ಭಾನುವಾರ ಬೆಳಗಾವಿಯಲ್ಲಿ ನೇರವಾಗಿ ಭೇಟಿಯಾಗಬಲ್ಲೆ.

ಇದರಲ್ಲಿ “17 ವರ್ಷ” ಎಂಬ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಅದು ರೆಸ್ಯೂಮೆಯಲ್ಲಿದೆ, ಎಂಟು ವರ್ಷ ಕೇಳಿದವರಿಗೆ ಪತ್ರದ ಬಾಗಿಲಲ್ಲೇ ಅದನ್ನು ಎತ್ತಿ ತೋರಿಸಬೇಕಿಲ್ಲ. “ಇಷ್ಟು ವರ್ಷ ಬಿಟ್ಟು ಹೋಗುವುದಿಲ್ಲ” ಎಂಬ ಪ್ರಮಾಣವೂ ಇಲ್ಲ. ಪ್ರಮಾಣ ಮಾಡಿದರೆ ಯಾರೂ ನಂಬುವುದಿಲ್ಲ, ಬಾಂಡ್ ಬರೆದುಕೊಡುತ್ತೇನೆ ಎಂದು ತಾವಾಗಿ ಮುಂದೆ ಬರುವವರು ತಮ್ಮ ಕೈಯನ್ನೇ ಕಟ್ಟಿಕೊಳ್ಳುತ್ತಾರೆ.

7. ರೆಸ್ಯೂಮೆಯನ್ನು ಇಳಿಸಬೇಡಿ, ಕ್ರಮ ಬದಲಿಸಿ

ಕೆಲವರು ಮ್ಯಾನೇಜರ್ ಆಗಿದ್ದ ವರ್ಷಗಳನ್ನೇ ಕೈಬಿಡುತ್ತಾರೆ, ಇಲ್ಲವೇ ಹುದ್ದೆಯ ಹೆಸರನ್ನು ಸೀನಿಯರ್ ಎಂಜಿನಿಯರ್ ಎಂದು ತಿದ್ದುತ್ತಾರೆ. ಇದನ್ನು ದಯವಿಟ್ಟು ಮಾಡಬೇಡಿ. ಪಿಎಫ್ ಖಾತೆಗಳನ್ನು ಜೋಡಿಸುವ ಯುಎಎನ್ ಸಂಖ್ಯೆಯ ಸೇವಾ ವಿವರದಲ್ಲಿ ಯಾವ ಸಂಸ್ಥೆಗೆ ಎಂದು ಸೇರಿದಿರಿ, ಎಂದು ಬಿಟ್ಟಿರಿ ಎಂಬುದು ಕಾಣುತ್ತದೆ, ಸೇರುವಾಗ ಅದರ ಪ್ರತಿ ಕೇಳುವ ಕಂಪನಿಗಳಿವೆ. ಹುದ್ದೆಯ ಹೆಸರು ಅನುಭವ ಪತ್ರದಲ್ಲಿ ಇರುತ್ತದೆ. ಸೇರಿದ ಮೇಲೆ ಸಿಕ್ಕಿಬಿದ್ದರೆ ಹೋಗುವುದು ಈ ಕೆಲಸವೊಂದೇ ಅಲ್ಲ. ಉದ್ಯಮಬಾಗದಂಥ ಕಡೆ ಒಬ್ಬ ಮಾಲೀಕರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ತಲುಪಲು ತಡವಾಗುವುದಿಲ್ಲ.

ಮಾಡಬಹುದಾದುದು ಬೇರೆ. ಹುದ್ದೆಯ ಹೆಸರು, ದಿನಾಂಕ ಇದ್ದಂತೆಯೇ ಇರಲಿ, ಅದರ ಕೆಳಗಿನ ಸಾಲುಗಳಲ್ಲಿ ಕೈಯಾರೆ ಮಾಡಿದ ಕೆಲಸಗಳು ಮೇಲೆ ಬರಲಿ, ತಂಡ ನಡೆಸಿದ್ದು, ಬಜೆಟ್ ನೋಡಿದ್ದು ಕೊನೆಯ ಒಂದು ಸಾಲಿಗೆ ಇಳಿಯಲಿ. ಮೇಲ್ಭಾಗದಲ್ಲಿ “ನಾಯಕತ್ವದ ಹುದ್ದೆ ಅರಸುತ್ತಿದ್ದೇನೆ” ಎಂಬ ಹಳೆಯ ಸಾಲು ಉಳಿದಿದ್ದರೆ ತೆಗೆಯಿರಿ. ಪತ್ರ ಒಂದು ಮಾತು, ರೆಸ್ಯೂಮೆ ಇನ್ನೊಂದು ಮಾತು ಹೇಳಿದ ಅರ್ಜಿಗಳನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಉದ್ಯೋಗ ಜಾಲತಾಣದಲ್ಲಿರುವ ನಿಮ್ಮ ಪುಟವನ್ನೂ ಅದೇ ದಿನ ಸರಿಪಡಿಸಿ. ಅಲ್ಲಿ ಪುಣೆಯ ಮ್ಯಾನೇಜರ್ ಹುದ್ದೆಗಳನ್ನು ಹುಡುಕುತ್ತಿದ್ದೀರೆಂದು ಇನ್ನೂ ಕಾಣುತ್ತಿದ್ದರೆ ಈ ಪತ್ರದ ಶ್ರಮವೆಲ್ಲ ನೀರುಪಾಲು.

8. ಕಳಿಸಿದ ಮೇಲೆ

ರೆಸ್ಯೂಮೆಯನ್ನು ಪಿಡಿಎಫ್ ರೂಪದಲ್ಲಿ ಲಗತ್ತಿಸಿ, ಪತ್ರವನ್ನು ಇಮೇಲ್‌ನ ಒಳಗೇ ಬರೆಯಿರಿ. ಪತ್ರವನ್ನೂ ಕಡತವಾಗಿ ಲಗತ್ತಿಸಿದರೆ ಹಲವರು ತೆರೆಯುವುದಿಲ್ಲ. ಐದಾರು ಕೆಲಸದ ದಿನ ಕಾದು ಒಮ್ಮೆ ಫೋನ್ ಮಾಡುವುದು ನಮ್ಮ ಕಡೆ ತಪ್ಪೇನಲ್ಲ, ಸಣ್ಣ ಕಾರ್ಖಾನೆಗಳಲ್ಲಿ ಅದನ್ನು ನಿರೀಕ್ಷಿಸುವವರೂ ಇದ್ದಾರೆ. “ಸರ್, ಕ್ವಾಲಿಟಿ ಎಂಜಿನಿಯರ್ ಹುದ್ದೆಗೆ ಸೋಮವಾರ ಇಮೇಲ್ ಕಳಿಸಿದ್ದೆ, ತಮಗೆ ತಲುಪಿದೆಯೇ ಎಂದು ಕೇಳಲು ಫೋನ್ ಮಾಡಿದೆ” ಎಂಬಷ್ಟು ಸಾಕು. ಆ ಕರೆಯಲ್ಲೇ ಅವರು “ಇಷ್ಟ ದೊಡ್ಡ ಹುದ್ದೆ ಬಿಟ್ಟ ಯಾಕ ಬರ್ತೀರಿ?” ಎಂದು ಕೇಳಬಹುದು. ಪತ್ರದಲ್ಲಿ ಬರೆದ ಎರಡು ಕಾರಣಗಳನ್ನೇ, ಅದೇ ಕ್ರಮದಲ್ಲಿ ಹೇಳಿ. ಗಾಬರಿಯಲ್ಲಿ ಮೂರನೆಯ ಕಾರಣವೊಂದನ್ನು ಸೇರಿಸಿದರೆ, ಬರೆದದ್ದು ನಿಜವೋ ಹೇಳಿದ್ದು ನಿಜವೋ ಎಂಬ ಹೊಸ ಸಂಶಯ ಹುಟ್ಟುತ್ತದೆ.

ಈ ಕ್ರಮ ಕೆಲಸ ಮಾಡದ ಕಡೆಗಳೂ ಇವೆ. ಸರ್ಕಾರಿ ಮತ್ತು ಸಾರ್ವಜನಿಕ ವಲಯದ ನೇಮಕಾತಿ ಅಧಿಸೂಚನೆಯ ಅರ್ಹತೆ ಮತ್ತು ವಯೋಮಿತಿಯಂತೆ ನಡೆಯುತ್ತದೆ, ಅಲ್ಲಿ ಇಂಥ ವಿವರಣೆಯನ್ನು ಓದುವವರಿಲ್ಲ. ದರ್ಜೆಯ ಅಂತರ ತೀರಾ ದೊಡ್ಡದಿದ್ದಾಗ, ಉದಾಹರಣೆಗೆ ಪ್ಲಾಂಟ್ ಹೆಡ್ ಆಗಿದ್ದವರು ಇನ್‌ಸ್ಪೆಕ್ಟರ್ ಹುದ್ದೆ ಕೇಳಿದಾಗ, ಎಷ್ಟು ಚೆನ್ನಾಗಿ ಬರೆದರೂ ಮಾಲೀಕರಿಗೆ ಧೈರ್ಯ ಬರುವುದಿಲ್ಲ. ಅಂಥವರು ಹುದ್ದೆಗೆ ಅರ್ಜಿ ಹಾಕುವ ಬದಲು, ಗ್ರಾಹಕರ ಒಂದು ಆಡಿಟ್‌ಗೆ ತಯಾರಿ ಮಾಡಿಕೊಡುವಂಥ ಮೂರು ತಿಂಗಳ ಕೆಲಸವನ್ನು ಗುತ್ತಿಗೆಯ ಮೇಲೆ ಕೇಳುವುದು ಹೆಚ್ಚು ಫಲಿಸುತ್ತದೆ.

ಸಂದರ್ಶನಕ್ಕೆ ಕರೆ ಬಂದರೆ ಒಂದು ಪ್ರಶ್ನೆಗೆ ಮಾತ್ರ ಮೊದಲೇ ಉತ್ತರ ಯೋಚಿಸಿಕೊಂಡು ಹೋಗಿ: “ಎರಡು ವರ್ಷದ ನಂತರ ನಮ್ಮಲ್ಲೇ ಮ್ಯಾನೇಜರ್ ಹುದ್ದೆ ಖಾಲಿಯಾದರೆ?” ಬೇಡವೇ ಬೇಡ ಎಂದರೆ ಯಾರೂ ನಂಬುವುದಿಲ್ಲ, ಬೇಕು ಎಂದರೆ ಎದುರಿಗೆ ಕುಳಿತಿರುವ ಮ್ಯಾನೇಜರ್ ಅವರ ಮುಖ ಸಣ್ಣದಾಗುತ್ತದೆ. ನಮ್ಮ ಅರ್ಜಿದಾರರು ಬರೆದಿಟ್ಟುಕೊಂಡ ಉತ್ತರ ಇದು: “ಅದನ್ನು ಆಗ ತಾವು ಮತ್ತು ಮ್ಯಾನೇಜರ್ ಸಾಹೇಬರು ಕೂಡಿ ನೋಡಬೇಕಾದ ವಿಷಯ. ನಾನು ಬಂದಿರುವುದು ಈ ಹುದ್ದೆಗೆ, ಮೊದಲ ವರ್ಷ ನಿಮ್ಮ ಎರಕದ ರಿಜೆಕ್ಷನ್ ಎಲ್ಲಿಂದ ಬರುತ್ತಿದೆ ಎಂದು ನೋಡುವುದೇ ನನ್ನ ಕೆಲಸ.”